ಬೀರುವಿನ ಹಿಂದಿನ ಬೂಷ್ಟು

ನಾನು ಅರಳಗುಪ್ಪೆಯವನು, ಕೊಬ್ಬರಿ ಮಾಡುವ ಮನೆಯಲ್ಲಿ ಹುಟ್ಟಿದವನು ಎಂದು ಈ ಜರ್ಮನಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತಿದ್ದೆ. ಡಿಸೆಂಬರಿನಿಂದ ಈಚೆಗೆ ಹೇಳುವುದನ್ನು ನಿಲ್ಲಿಸಿದ್ದೇನೆ. ಕಾರಣ ನನ್ನ ಕೋಣೆಯ ಬೀರುವಿನ ಹಿಂದೆ ಇತ್ತು. ಕಪ್ಪಗೆ, ಅಂಗೈ ಅಗಲದಿಂದ ಶುರುವಾಗಿ ಪರಾತದಷ್ಟು ಅಗಲಕ್ಕೆ ಬೆಳೆದಿತ್ತು.

ಚಳಿಯ ವಿಷಯದಲ್ಲಿ ನನ್ನದು ಅಮ್ಮ ಕಲಿಸಿದ ವಿದ್ಯೆ. ಗಾಳಿ ಬಂದರೆ ಶೀತ, ಶೀತ ಬಂದರೆ ಕೆಮ್ಮು, ಕೆಮ್ಮು ಬಂದರೆ ಓದು ಹಾಳು. ಆದ್ದರಿಂದ ಮೊದಲ ಚಳಿ ಬಿದ್ದ ದಿನವೇ ಕಿಟಕಿಯ ಸಂದಿಗಳಿಗೆಲ್ಲ ಟೇಪು ಹಚ್ಚಿದೆ. ಅಮ್ಮ ಕಳಿಸಿದ್ದ ಹೊಸ ಪಂಚೆಯನ್ನು ಸುರುಳಿ ಸುತ್ತಿ ಬಾಗಿಲ ಕೆಳಗೆ ತುರುಕಿದೆ. ಹೀಟರಿನ ಗುಂಡಿಯಲ್ಲಿ ಒಂದರಿಂದ ಐದರವರೆಗೆ ಅಂಕಿಗಳಿವೆ. ನಾನು ಐದಕ್ಕೆ ತಿರುಗಿಸಿದೆ, ಐದೆಂದರೆ ಬೇಗ ಬಿಸಿಯಾಗುತ್ತದೆ ಎಂಬ ನಂಬಿಕೆಯಿಂದ. ಆ ಅಂಕಿ ಕೋಣೆ ಎಷ್ಟು ಬಿಸಿಯಾದಾಗ ನಿಲ್ಲಬೇಕು ಎಂದು ಹೇಳುತ್ತದೆಯೇ ಹೊರತು ಎಷ್ಟು ಬೇಗ ಎಂದಲ್ಲ, ಮೂರಕ್ಕಿಟ್ಟರೆ ಇಪ್ಪತ್ತು ಡಿಗ್ರಿಯ ಸುತ್ತಮುತ್ತ ಸಾಕು ಎಂಬುದು ಆಮೇಲೆ ತಿಳಿಯಿತು. ಮೆಕ್ಯಾನಿಕಲ್ ಇಂಜಿನಿಯರಿಂಗಿನಲ್ಲಿ ಎಂ.ಎಸ್. ಮಾಡಲು ಬಂದವನಿಗೆ ಇದೆಲ್ಲ ಯಾಕೆ ಗೊತ್ತಿರಬೇಕು ಹೇಳಿ.

ಆ ಮುಚ್ಚಿದ ಡಬ್ಬಿಯೊಳಗೆ ನಾನು ಸುಖವಾಗಿ ಸಂಸಾರ ಹೂಡಿದೆ. ಮೂಲೆಯ ಒಲೆಯ ಮೇಲೆ ಅನ್ನ, ಸಾರು. ಹೀಟರಿನ ಮೇಲೆ ಒಗೆದ ಪ್ಯಾಂಟು, ಬನಿಯನ್ನು. ಬೆಳಗ್ಗೆ ಎದ್ದರೆ ಕಿಟಕಿಯ ಗಾಜಿನ ಮೇಲೆ ನೀರು ಸಾಲುಸಾಲಾಗಿ ಇಳಿಯುತ್ತಿತ್ತು. ಅದರ ಮೇಲೆ ಬೆರಳಿನಿಂದ ಕನ್ನಡದಲ್ಲಿ ನನ್ನ ಹೆಸರು ಬರೆದು ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕಿದ್ದೆ. ಅರುವತ್ತು ಜನ ಮೆಚ್ಚಿದರು. ಅಷ್ಟು ಜನರಲ್ಲಿ ಒಬ್ಬನಾದರೂ ‘ಆ ನೀರು ಎಲ್ಲಿಂದ ಬಂತಪ್ಪ’ ಎಂದು ಕೇಳಲಿಲ್ಲ.

ಕೇಳಿದವರು ಹಿಲ್ಡಾ ಅಜ್ಜಿ. ಅವರು ಮನೆಯ ಒಡತಿ, ಎಪ್ಪತ್ತು ದಾಟಿದವರು, ಅಂಗಳದಾಚೆ ನನ್ನ ಕಿಟಕಿಗೆ ಎದುರಾಗಿರುವ ಮನೆಯಲ್ಲಿದ್ದಾರೆ. ಹೀಟರು ನೋಡಲು ಬಂದವರು ಬಾಗಿಲಲ್ಲೇ ಮೂಗೇರಿಸಿ, ಗಾಜಿನ ಮೇಲೆ ಆ ನೀರು ಎಲ್ಲಿಂದ ಬಂತು ಎಂದು ಕೇಳಿ, ನೇರ ಹೋಗಿ ಬೀರುವಿನ ಹಿಂದೆ ಟಾರ್ಚು ಬಿಟ್ಟರು. ಆಮೇಲೆ ಅವರು ಆಡಿದ್ದು ಎರಡೇ ಮಾತು. ಗೋಡೆ ಈ ತಿಂಗಳ ಕೊನೆಗೆ ಒಣಗಿರಬೇಕು. ಒಣಗದಿದ್ದರೆ ಬೇರೆ ಕೋಣೆ ನೋಡಿಕೊಳ್ಳಬೇಕು.

ಈ ಊರಿನಲ್ಲಿ ನಡು ಚಳಿಗಾಲದಲ್ಲಿ ಬಾಡಿಗೆ ಕೋಣೆ ಹುಡುಕುವುದೆಂದರೆ ಬೇಸಿಗೆಯಲ್ಲಿ ನಮ್ಮ ಕಡೆಯ ಕೆಂಕೆರೆ ಬಯಲಿನಲ್ಲಿ ನೆರಳು ಹುಡುಕಿದ ಹಾಗೆ. ಈ ಕೋಣೆ ಸಿಗುವ ಮುಂಚೆ ಎರಡು ತಿಂಗಳು ಸಹಪಾಠಿಯೊಬ್ಬನ ಅಡುಗೆಮನೆಯ ನೆಲದ ಮೇಲೆ ಮಲಗಿದವನು ನಾನು. ನನಗೆ ನಿಜವಾಗಿಯೂ ಭಯವಾಯಿತು.

ಅರಳಗುಪ್ಪೆಗೆ ಫೋನು ಮಾಡಿದೆ. ನಮ್ಮ ಮನೆಯ ಅಟ್ಟದ ಯಜಮಾನಿಕೆ ದೊಡ್ಡಮ್ಮನದು. ಅಟ್ಟ ಅಂದರೆ ಹಳೆ ಪಾತ್ರೆ ಎಸೆಯುವ ಜಾಗವಲ್ಲ, ಉಂಡೆ ಕೊಬ್ಬರಿ ಆಗುವ ಜಾಗ. ಬಲಿತ ಕಾಯಿಯನ್ನು ಸಿಪ್ಪೆಸಮೇತ ಹಲಗೆಗಳ ಮೇಲೆ ಹರವುತ್ತಾರೆ. ಹಲಗೆಗಳ ನಡುವೆ ಸಂದು ಬಿಟ್ಟಿರುತ್ತಾರೆ, ಕೆಳಗಿನಿಂದ ಗಾಳಿ ಆಡಲಿ ಎಂದು. ಹತ್ತು ಹನ್ನೊಂದು ತಿಂಗಳು ಯಾರೂ ಅವಸರ ಮಾಡುವಂತಿಲ್ಲ. ಒಳಗಿನ ನೀರು ತಾನೇ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ಗಾಳಿ ಆಡದಿದ್ದರೆ ಬೂಷ್ಟು. ಈ ಪಾಠ ಬಾಲ್ಯದಿಂದ ನನ್ನ ಕಿವಿ ಮೇಲೆ ಬಿದ್ದದ್ದೇ.

ನನ್ನ ಕೋಣೆಯ ಸ್ಥಿತಿಯನ್ನು ವೀಡಿಯೊದಲ್ಲಿ ತೋರಿಸಿದೆ. ದೊಡ್ಡಮ್ಮ ಟೇಪು ನೋಡಿದರು, ಪಂಚೆ ನೋಡಿದರು, ಹೀಟರಿನ ಮೇಲಿನ ಬನಿಯನ್ನು ನೋಡಿದರು.

“ಗೋಡೆಗೆ ಒತ್ತರಿಸಿ ಬೀರು ಇಕ್ಕಿದೀಯಲ್ಲೋ. ಕಾಯಿನಾದ್ರೂ ಹಂಗೆ ಇಕ್ತೀವೇನ್ಲಾ ನಾವು? ಗಾಳಿ ಆಡಂಗೆ ಬುಡು ಮೊದ್ಲು.”

ಹೊರಗೆ ಮಂಜು ಕವಿದಿದೆ, ಕಿಟಕಿ ತೆಗೆದರೆ ಒದ್ದೆ ಗಾಳಿಯೇ ಒಳಗೆ ಬರುತ್ತದಲ್ಲ ಎಂದು ವಾದಿಸಿದೆ. ಅದಕ್ಕೆ ಅವರು, ಓದಿದವನು ನೀನು, ನೀನೇ ನೋಡಿಕೋ ಎಂದು ಫೋನಿಟ್ಟರು.

ಓದಿದವನು ಪುಸ್ತಕ ತೆಗೆದೆ. ತೇವದ ಗಾಳಿಯ ನಕ್ಷೆ ಪರೀಕ್ಷೆಗೆ ಬಂದಿತ್ತು, ನಾನು ಗೆರೆ ಎಳೆದು ಒಳ್ಳೆಯ ಅಂಕವನ್ನೂ ತೆಗೆದಿದ್ದೆ. ಬಿಸಿ ಗಾಳಿ ಹೆಚ್ಚು ಆವಿ ಹಿಡಿಯುತ್ತದೆ, ತಣ್ಣನೆಯದು ಕಡಿಮೆ. ಹೊರಗಿನ ಗಾಳಿ ಮಂಜಿನಿಂದ ತುಂಬಿ ತುಳುಕುತ್ತಿದೆ ಎಂದು ಕಂಡರೂ ಸೊನ್ನೆ ಡಿಗ್ರಿಯಲ್ಲಿ ಅದರಲ್ಲಿರುವ ನೀರು ಸ್ವಲ್ಪವೇ. ಅದು ಒಳಗೆ ಬಂದು ಇಪ್ಪತ್ತು ಡಿಗ್ರಿಗೆ ಬಿಸಿಯಾದರೆ ಒಣಗಾಳಿಯಾಗಿಬಿಡುತ್ತದೆ. ನನ್ನ ಸಾರಿನ ಹಬೆ, ಪ್ಯಾಂಟಿನ ನೀರು, ಉಸಿರು ಎಲ್ಲ ಹೊರಹೋಗಲು ದಾರಿಯಿಲ್ಲದೆ, ಬೀರು ಅಡ್ಡವಾಗಿ ಹೀಟರಿನ ಬಿಸಿ ತಾಗದ ಹೊರಗೋಡೆಗೆ ಹೋಗಿ ಅಲ್ಲಿ ಹನಿಯುತ್ತಿದ್ದವು. ಪುಸ್ತಕದಲ್ಲಿ ಇದಕ್ಕೆ ಇಬ್ಬನಿ ಬಿಂದು ಎಂಬ ಸುಂದರ ಹೆಸರಿದೆ. ಅಟ್ಟದಲ್ಲಿ ಕಲಿತದ್ದನ್ನೂ ಕೋಣೆಗೆ ತರಲಿಲ್ಲ, ಪರೀಕ್ಷೆಯಲ್ಲಿ ಬರೆದದ್ದನ್ನೂ ತರಲಿಲ್ಲ. ಎರಡು ಕಡೆಯಿಂದಲೂ ದಡ್ಡನಾಗುವುದು ಎಲ್ಲರಿಗೂ ಸಾಧ್ಯವಿಲ್ಲ.

ಮರುದಿನ ನಾನೇ ಹೋಗಿ ಕೇಳಿದಾಗ ಹಿಲ್ಡಾ ಅಜ್ಜಿ ಹೇಳಿಕೊಟ್ಟ ಕ್ರಮ ಹೀಗೆ. ದಿನಕ್ಕೆ ಮೂರು ಸಲ ಮೊದಲು ಹೀಟರು ಆರಿಸಿ, ಕಿಟಕಿಯನ್ನು ಪೂರ್ತಿ ತೆರೆದು, ಎದುರು ಬಾಗಿಲನ್ನೂ ತೆರೆದು ಐದು ನಿಮಿಷ ಬಿಡಬೇಕು. ಗಾಳಿ ಬದಲಾಗುತ್ತದೆ, ಗೋಡೆ, ಮಂಚ, ಮೇಜು ಬಿಸಿ ಉಳಿಸಿಕೊಂಡಿರುತ್ತವೆ. ದಾಕ್ಷಿಣ್ಯಕ್ಕೆ ಕಿಟಕಿಯನ್ನು ಒಂದಿಷ್ಟು ಓರೆ ಮಾಡಿ ದಿನವಿಡೀ ಬಿಟ್ಟರೆ ಗಾಳಿ ಸರಿಯಾಗಿ ಬದಲಾಗುವುದಿಲ್ಲ, ಸುತ್ತಲ ಗೋಡೆ ಮಾತ್ರ ತಣ್ಣಗಾಗುತ್ತದೆ. ಕಿಟಕಿಯ ಟೇಪು ಕಿತ್ತೆ, ಬಾಗಿಲ ಕೆಳಗಿನ ಪಂಚೆ ತೆಗೆದೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸ್ಪಿರಿಟ್ಟಿನಿಂದ ಬೂಷ್ಟು ಒರೆಸಿದೆ, ಒರೆಸಿದ ಬಟ್ಟೆಯನ್ನು ಎಸೆದೆ, ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದೆ. ಬಟ್ಟೆ ಒಣಗಿಸಲು ನೆಲಮಾಳಿಗೆಗೆ ಹೋದೆ.

ಬೆಳಗ್ಗೆ ಏಳಕ್ಕೆ ನಾನು ಕಿಟಕಿ ತೆಗೆದಾಗ ಎದುರಿನ ಕಿಟಕಿಯೂ ತೆರೆದುಕೊಳ್ಳುತ್ತಿತ್ತು. ಸ್ವೆಟರು, ಟೋಪಿ ಹಾಕಿದ ಹಿಲ್ಡಾ ಅಜ್ಜಿ ಅಲ್ಲಿ, ಕಂಬಳಿ ಹೊದ್ದ ನಾನು ಇಲ್ಲಿ. ತಪಾಸಣೆ ಅಂದುಕೊಂಡು ನಾನು ನೆಟ್ಟಗೆ ನಿಲ್ಲುತ್ತಿದ್ದೆ. ಅವರು ತಲೆಯಾಡಿಸಿ ಒಳಗೆ ಹೋಗುತ್ತಿದ್ದರು. ಬಹಳ ದಿನ ಆ ತಲೆಯಾಡಿಸುವಿಕೆ ಬಿಟ್ಟರೆ ನನ್ನನ್ನು ಆ ಊರಿನಲ್ಲಿ ಬೆಳಗಾಗೆದ್ದು ಯಾರೂ ಗುರುತಿಸುತ್ತಿರಲಿಲ್ಲ. ನನಗೆ ಒಂಟಿತನ ಕಾಡುತ್ತಿತ್ತು, ಅದನ್ನು ಮನೆಗೆ ಹೇಳಿರಲಿಲ್ಲ.

ತಿಂಗಳ ಕೊನೆಗೆ ಮೂರು ದಿನವಿದೆ ಎನ್ನುವಾಗ ಜ್ವರ ಬಂತು. ಕಿಟಕಿಯಿಂದಲ್ಲ, ತರಗತಿಯಲ್ಲಿ ಪಕ್ಕ ಕೂತು ಸೀನಿದವನಿಂದ. ಎರಡು ದಿನ ಏಳಲಾಗಲಿಲ್ಲ, ಕಿಟಕಿ ತೆಗೆಯಲಿಲ್ಲ. ಮತ್ತೆ ಗಾಜಿನ ಮೇಲೆ ನೀರು ಇಳಿಯತೊಡಗಿತು. ಮಲಗಿದ್ದಲ್ಲೇ ಅದನ್ನು ನೋಡುತ್ತ, ಕೋಣೆ ಕೈತಪ್ಪಿತು ಎಂದು ತೀರ್ಮಾನಿಸಿದೆ.

ಮೂರನೆಯ ಬೆಳಗ್ಗೆ ಬಾಗಿಲು ಬಡಿದ ಸದ್ದು. ಹಿಲ್ಡಾ ಅಜ್ಜಿ ನಿಂತಿದ್ದರು, ಕೈಯಲ್ಲಿ ಬಟ್ಟೆ ಸುತ್ತಿದ ಪಾತ್ರೆ. ಗೋಡೆ ನಾಳೆ ನೋಡಿ, ಒಂದು ದಿನ ಕೊಡಿ ಎಂದು ಬೇಡಿಕೊಳ್ಳಲು ಬಾಯಿ ತೆರೆದೆ. ಅವರು ಬೀರುವಿನ ಕಡೆ ತಿರುಗಿಯೂ ನೋಡಲಿಲ್ಲ.

“ಎರಡು ದಿನದಿಂದ ನಿನ್ನ ಕಿಟಕಿ ತೆರೆದಿಲ್ಲ,” ಅಂದರು. “ಏನಾಗಿದೆ ನಿನಗೆ?”

ನನ್ನನ್ನು ಮಲಗಿಸಿ, ಕಂಬಳಿಯನ್ನು ಕತ್ತಿನವರೆಗೂ ಎಳೆದು, ಹೀಟರು ಆರಿಸಿ, ಕಿಟಕಿಯನ್ನು ಅವರೇ ಪೂರ್ತಿ ತೆರೆದರು. ಐದು ನಿಮಿಷ ಚಳಿಯಲ್ಲಿ ಗಡಿಯಾರ ನೋಡುತ್ತ ನಿಂತಿದ್ದು ಮುಚ್ಚಿದರು. ಪಾತ್ರೆಯಲ್ಲಿ ಕೋಳಿ ಸೂಪು ಇರಬಹುದೆಂದು ಸಸ್ಯಾಹಾರಿಯಾದ ನಾನು ಗಾಬರಿಗೊಂಡಿದ್ದೆ, ನೋಡಿದರೆ ಆಲೂಗಡ್ಡೆಯದು. ಹೊರಡುವಾಗ, ತಿಂಗಳ ಕೊನೆ ಅಂದದ್ದನ್ನು ಮರೆತುಬಿಡು ಎಂದರು.

ನಮ್ಮೂರಿನಲ್ಲಿ ಹೊತ್ತೇರಿದರೂ ಯಾರದಾದರೂ ಬಾಗಿಲಿಗೆ ನೀರು ಬೀಳದಿದ್ದರೆ ಎದುರುಮನೆಯವರು ಬಂದು, ಯಾಕವ್ವ, ಮೈಗೆ ಹುಷಾರಿಲ್ವಾ ಎಂದು ಕೇಳುತ್ತಾರೆ. ನನ್ನ ಬಾಗಿಲನ್ನು ಹಾಗೆ ಗಮನಿಸುವವರು ಈ ದೇಶದಲ್ಲಿ ಯಾರೂ ಇಲ್ಲ ಎಂದು ಇಡೀ ಚಳಿಗಾಲ ಕೊರಗಿದ್ದೆ. ಈಗ ಬೆಳಗ್ಗೆ ಏಳಕ್ಕೆ ಐದು ನಿಮಿಷ ಮುಂಚೆಯೇ ಎದ್ದು ಕಾಯುತ್ತೇನೆ. ಎದುರಿನ ಕಿಟಕಿ ತೆರೆದದ್ದನ್ನು ನೋಡದೆ ನನಗೂ ಕಾಫಿ ಇಳಿಯುವುದಿಲ್ಲ.