ಅಕ್ರಮ ಬಂಧನಕ್ಕೊಂದು ಉದಾಹರಣೆ

ಸಂಜೆಯ ಕಾನೂನು ಕಾಲೇಜಿನಲ್ಲಿ ಅವಳಿಗೆ ಕತ್ತರಿ ಅಕ್ಕ ಎಂಬ ಹೆಸರು ಬಿದ್ದಿತ್ತು. ಮನೆಯ ಮುಂಗೋಣೆಯಲ್ಲಿ ಕೂತು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಲವತ್ತು ಪುಟದ ಪಾಠವನ್ನು ಕತ್ತರಿಸಿ ಕತ್ತರಿಸಿ ಒಂದು ಹಾಳೆಗೆ ಇಳಿಸುತ್ತಾಳೆಂದು ಇಟ್ಟ ಹೆಸರು ಅದು. ಪರೀಕ್ಷೆ ಹತ್ತಿರ ಬಂದಾಗ ಅವಳ ಹಾಳೆಗಾಗಿ ಹುಡುಗರು ಜೆರಾಕ್ಸ್ ಅಂಗಡಿಯ ಮುಂದೆ ಸಾಲು ನಿಲ್ಲುತ್ತಿದ್ದರು. ಅವಳಿಗಿಂತ ಇಪ್ಪತ್ತೈದು ವರ್ಷಕ್ಕೆ ಚಿಕ್ಕವರು.

ಹಾಳೆಗೆ ಮೂರು ಅಂಕಣ. ಮೊದಲನೆಯದರಲ್ಲಿ, ಒಂದು ಅಪಕೃತ್ಯ, ಅಂದರೆ ಪರಿಹಾರ ಕಟ್ಟಿಕೊಡಬೇಕಾದ ತಪ್ಪು, ಟಾರ್ಟ್, ಸಾಬೀತಾಗಲು ಯಾವ ಯಾವ ಅಂಶ ಬೇಕು ಎಂಬುದು. ನಿರ್ಲಕ್ಷ್ಯವೆಂದರೆ ಎಚ್ಚರ ವಹಿಸುವ ಹೊಣೆ ಇರಬೇಕು, ಆ ಹೊಣೆ ತಪ್ಪಿರಬೇಕು, ತಪ್ಪಿದ್ದರಿಂದಲೇ ಹಾನಿಯಾಗಿರಬೇಕು. ಎರಡನೆಯದರಲ್ಲಿ, ಎದುರಾಳಿ ತನ್ನನ್ನು ಉಳಿಸಿಕೊಳ್ಳಲು ಏನು ಹೇಳಬಹುದು ಎಂಬುದು, ಅಂದರೆ ರಕ್ಷಣೆ: ಗಾಯಗೊಂಡವನದೂ ತಪ್ಪಿತ್ತು, ಅಪಾಯ ಗೊತ್ತಿದ್ದೇ ಒಪ್ಪಿಕೊಂಡಿದ್ದ, ಹೀಗೆ. ಮೂರನೆಯದರಲ್ಲಿ ನಾಲ್ಕು ಸಾಲಿನ ಒಂದು ಕಥೆ. ಪರೀಕ್ಷೆಯಲ್ಲಿ ತಲೆ ಖಾಲಿಯಾದರೂ ಕಥೆ ನೆನಪಿಗೆ ಬರುತ್ತದೆ, ಕಥೆಯ ಬಾಲ ಹಿಡಿದರೆ ಅಂಶಗಳು ಹಿಂದೆಯೇ ಬರುತ್ತವೆ ಎನ್ನುವುದು ಅವಳ ಅನುಭವ. ಕಥೆಗೆ ಮಾತ್ರ ಕಟ್ಟುನಿಟ್ಟಿನ ನಿಯಮವೊಂದಿತ್ತು. ಮೊದಲೆರಡು ಅಂಕಣದ ಯಾವುದಕ್ಕೂ ತಾಗದ ಸಂಗತಿ ಅಲ್ಲಿ ಇರಕೂಡದು. ಲಾರಿ ಗುದ್ದಿದ ಕಥೆಯಾದರೆ ಲಾರಿಯ ಬಣ್ಣ ಬೇಡ, ಚಾಲಕನಿಗೆ ಎಷ್ಟು ಮಕ್ಕಳು ಎಂಬುದು ಬೇಡ. ಬ್ರೇಕ್ ಸರಿಯಿಲ್ಲವೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ ಅದು ಬೇಕು.

ಕಥೆಗಳನ್ನೆಲ್ಲ ಅವಳು ಮನೆಯ ಸುತ್ತಮುತ್ತಲಿಂದಲೇ ಎತ್ತುತ್ತಿದ್ದಳು. ನಲ್ಲಿಯ ಕೆಳಗಿನ ಜಾರುವ ಮೆಟ್ಟಿಲು ನಿರ್ಲಕ್ಷ್ಯಕ್ಕೆ, ಪಕ್ಕದ ವೆಲ್ಡಿಂಗ್ ಶೆಡ್ಡಿನ ಸದ್ದು ಉಪದ್ರವಕ್ಕೆ. ಅದಕ್ಕಿಂತ ದೂರ ಹೋಗಿ ಹುಡುಕಲು ಅವಳಿಗೆ ಪುರಸೊತ್ತಾದರೂ ಎಲ್ಲಿತ್ತು? ಬೆಳಗಿನ ಅಡುಗೆ, ಮಧ್ಯಾಹ್ನದ ಅಡುಗೆ, ನಡುವೆ ಹೊಲಿಗೆ, ಹೊಲಿಗೆಯ ನಡುವೆ ಅತ್ತೆಯ ಸ್ನಾನ, ಅತ್ತೆಯ ಹಾಸಿಗೆ, ಅತ್ತೆಯ ಬಟ್ಟೆ. ಗಂಡನಿಗೆ ಬಣ್ಣದ ಅಂಗಡಿ. ಸಂಜೆ ಐದಕ್ಕೆ ಅದನ್ನು ಕೆಲಸದವನಿಗೆ ಒಪ್ಪಿಸಿ ಕ್ಲಬ್ಬಿನಲ್ಲಿ ಇಸ್ಪೀಟಿಗೆ ಕೂರುತ್ತಿದ್ದ. ಮೈದುನನ ಮನೆ ಎರಡು ಬೀದಿಯಾಚೆ. ಅವನು ಸಂಜೆ ವಾಕಿಂಗ್ ಹೋಗುತ್ತಿದ್ದ, ಡಾಕ್ಟರು ಹೇಳಿದ್ದಾರೆಂದು.

ಅವಳನ್ನು ಕಾಲೇಜಿಗೆ ಸೇರಿಸಿದ್ದೇ ಅತ್ತೆ. ಸೊಸೆ ತನ್ನ ಒಬ್ಬಳೇ ಮಗಳನ್ನು ಮದುವೆ ಮಾಡಿ ಕಳಿಸಿದ ವರ್ಷ ಮಂಕಾಗಿ ಕೂತದ್ದನ್ನು ನೋಡಿ, ತನ್ನ ಬಳೆ ಮಾರಿ ಫೀಸು ಕಟ್ಟಿದ್ದಳು. "ನಿನ್ನ ಬಾಯಿಗೆ ವಕಾಲತ್ತೇ ಸರಿ ಕಣೆ, ಮನೇಲಿ ಅದು ವೇಸ್ಟ್ ಆಗ್ತಿದೆ" ಎಂದು ನಕ್ಕಿದ್ದಳು. ಮೊದಲ ವರ್ಷ ಮುಗಿಯುವಷ್ಟರಲ್ಲಿ ಅತ್ತೆಯ ನೆನಪು ಸವೆಯತೊಡಗಿತು. ಮೊದಲು ಕನ್ನಡಕ, ಆಮೇಲೆ ವಾರಗಳು, ಆಮೇಲೆ ಗಂಡುಮಕ್ಕಳ ಹೆಸರು. ಒಂದು ಸಂಜೆ ಅತ್ತೆ ಬರಿಗಾಲಲ್ಲಿ ಹೊರಟು ಹೆದ್ದಾರಿಯ ನಟ್ಟನಡುವೆ ನಿಂತಿದ್ದಳು. ಲಾರಿಯವನೊಬ್ಬ ಕೈಹಿಡಿದು ತಂದು ಬಿಟ್ಟ. ಮರುದಿನದಿಂದ ಸೊಸೆ ಕ್ಲಾಸಿಗೆ ಹೋಗುವಾಗ ಅತ್ತೆಗೆ ತಿನ್ನಿಸಿ, ಮಲಗಿಸಿ, ಕೋಣೆಗೆ ಹೊರಗಿನಿಂದ ಬೀಗ ಹಾಕತೊಡಗಿದಳು. ಅತ್ತೆಗೆ ಅದು ಗೊತ್ತಾಗುವುದಿಲ್ಲ ಎಂದುಕೊಂಡಿದ್ದಳು.

ಈ ಎಲ್ಲದರ ನಡುವೆ ಟಾರ್ಟ್ಸ್ ಪತ್ರಿಕೆ ಎರಡು ಸಲ ಕೈತಪ್ಪಿತ್ತು. ಒಮ್ಮೆ ಅತ್ತೆ ಆಸ್ಪತ್ರೆಯಲ್ಲಿದ್ದಳು, ಇನ್ನೊಮ್ಮೆ ಮೈದುನನ ಮನೆಯ ಗೃಹಪ್ರವೇಶಕ್ಕೆ ಅಡುಗೆ ಇವಳ ಪಾಲಿಗೆ ಬಂದಿತ್ತು. ಈ ಸಲವೂ ಪಾಸಾಗದಿದ್ದರೆ ಹೆಸರು ತೆಗೆಯುತ್ತೇವೆ ಎಂದು ಆಫೀಸಿನವರು ಹೇಳಿಯಾಗಿತ್ತು.

ಪರೀಕ್ಷೆಗೆ ಕೆಲವೇ ದಿನ ಇರುವಾಗ ಕಾಲೇಜಿನ ಮೆಟ್ಟಿಲ ಮೇಲೆ ಅವಳೂ ಅವಳ ಗೆಳತಿಯೂ ಕೂತರು. ಗೆಳತಿ ಕೋರ್ಟಿನಲ್ಲಿ ಟೈಪಿಸ್ಟ್, ಇವಳಿಗಿಂತ ಚಿಕ್ಕವಳು. ಹಾಳೆಯ ಕಥೆಯನ್ನು ಇವಳು ಓದಬೇಕು, ಟೈಪಿಸ್ಟ್ ಅಂಶ ಮತ್ತು ರಕ್ಷಣೆ ಹೇಳಬೇಕು.

"ಹೆಂಡತಿ ಗಂಡನ ಹತ್ತಿರ ಪಕ್ಕದ ಮನೆಯವನು ಕಳ್ಳ ಅಂತಾಳೆ. ಬೇರೆ ಯಾರೂ ಕೇಳಿಸ್ಕೊಂಡಿಲ್ಲ. ಮಾನಹಾನಿನಾ?"

"ಅಲ್ಲ. ಮಾತು ಮೂರನೆಯವರಿಗೆ ತಲುಪಿರ್ಬೇಕು. ಗಂಡ ಹೆಂಡತಿ ಮಧ್ಯದ ಮಾತು ಪ್ರಕಟಣೆ ಅಲ್ಲ."

"ಯಾಕೆ ಅಲ್ಲ ಹೇಳು?"

"ಕಾನೂನಿಗೆ ಅವರಿಬ್ರೂ ಒಂದೇ ಅಂತೆ."

"ಅದೆಲ್ಲ ಏನಿಲ್ಲ. ಹೆಂಡ್ತಿ ಹೇಳಿದ್ದನ್ನ ಗಂಡ ಯಾವತ್ತು ಕೇಳಿಸ್ಕೊಂಡಿದ್ದಾನೆ, ಪ್ರಕಟಣೆ ಆಗೋಕೆ?"

ಟೈಪಿಸ್ಟ್ ಬಿದ್ದು ಬಿದ್ದು ನಕ್ಕಳು. "ಇದನ್ನೇ ಬರೀತೀನಿ ಅಕ್ಕಾ, ಮಾರ್ಕ್ಸ್ ಹೋದ್ರೆ ಹೋಗ್ಲಿ. ಮುಂದಿಂದು?"

ಕತ್ತರಿ ಅಕ್ಕ ಹಾಳೆ ತಿರುಗಿಸಿದಳು. ಮುಂದಿನದು ಅಕ್ರಮ ಬಂಧನ. ಅದನ್ನು ಬರೆಯುವಾಗಲೇ ಅದು ಯಾರ ಮನೆಯ ಕಥೆಯೆಂದು ಅವಳಿಗೆ ಗೊತ್ತಿತ್ತು. ಉತ್ತರವೂ ಗೊತ್ತಿತ್ತು. ಆದರೂ ಇನ್ನೊಬ್ಬರ ಬಾಯಿಂದ ಕೇಳಬೇಕಿತ್ತು.

"ನೆನಪಿನ ಶಕ್ತಿ ಕಳ್ಕೊಂಡ ಮುದುಕಿ. ಒಂದ್ಸಲ ರಸ್ತೆಗೆ ಹೋಗಿ ಸಾಯೋ ಹಾಗಾಗಿತ್ತು. ಸೊಸೆ ದಿನಾ ಸಂಜೆ ಕೋಣೆಗೆ ಬೀಗ ಹಾಕಿ ಹೋಗ್ತಾಳೆ. ಮುದುಕಿಗೆ ಅದು ಗೊತ್ತಿಲ್ಲ."

ಟೈಪಿಸ್ಟ್ ಬೆರಳು ಮಡಿಸಿದಳು. "ಪೂರ್ತಿ ತಡೆ, ಇದೆ. ಹೊರಗೆ ಬರೋಕೆ ಬೇರೆ ದಾರಿ?"

"ಕಿಟಕಿಗೆ ಕಂಬಿ ಇದೆ."

"ಹಾಗಾದ್ರೆ ಇಲ್ಲ. ಎಷ್ಟು ಹೊತ್ತು ಅನ್ನೋದು ಲೆಕ್ಕಕ್ಕಿಲ್ಲ. ಮುದುಕಿಗೆ ಗೊತ್ತಿರಬೇಕು ಅಂತಾನೂ ಇಲ್ಲ. ಕೂಡಿಹಾಕಿದ್ದು ಕೂಡಿಹಾಕಿದ್ದೇ. ಸೊಸೆ ಹೊಣೆ."

"ರಕ್ಷಣೆ?"

"ಒಪ್ಪಿಗೆ ಅನ್ನೋ ಹಾಗಿಲ್ಲ, ಒಪ್ಪೋ ಸ್ಥಿತೀಲಿಲ್ಲ ಮುದುಕಿ. ಅನಿವಾರ್ಯತೆ ಅನ್ಬಹುದು. ಅವಳ ಜೀವ ಉಳಿಸೋಕೇ ಹಾಕಿದ್ದು, ಬೇರೆ ಸರಿಯಾದ ದಾರಿ ಇರ್ಲಿಲ್ಲ ಅಂತ ತೋರಿಸ್ಬೇಕು." ಟೈಪಿಸ್ಟ್ ತಲೆಯೆತ್ತಿದಳು. "ಮನೇಲಿ ಬೇರೆ ಯಾರೂ ಇಲ್ವಾ? ನಿಮ್ಮ ಕಥೇಲಿ ಇಲ್ಲವಲ್ಲ?"

"ಇದ್ದಾರೆ. ಇಬ್ಬರು ಗಂಡುಮಕ್ಕಳು. ಬೇಡ ಅನ್ನಿಸ್ತು, ಕತ್ತರಿಸ್ದೆ."

"ಅಯ್ಯೋ, ನೀವೇ ತಪ್ಪು ಕತ್ತರಿಸೋದಾ! ಅದೇ ಮುಖ್ಯ ಅಕ್ಕಾ."

"ಹಾಗಾದ್ರೆ ಅವರನ್ನ ಸೇರಿಸಿದ್ರೆ ಸೊಸೆ ಬಚಾವಾ?"

"ಎಲ್ಲಿಂದ ಬಚಾವು! ಇನ್ನೂ ಸಿಕ್ಕಿಹಾಕ್ಕೋತಾಳೆ. ನೋಡ್ಕೊಳ್ಳೋಕೆ ಇಬ್ಬರಿರುವಾಗ ಬೀಗ ಯಾಕೆ ಹಾಕ್ದೆ ಅಂತಾರೆ."

"ಅವರು ಬರಲ್ಲ ಅಂದ್ರೆ?"

"ಕರೆದಿದ್ಲಾ?"

ಕತ್ತರಿ ಅಕ್ಕ ಹಾಳೆಯನ್ನು ಮಡಿಲಿಗೆ ಇಳಿಸಿದಳು. ಮದುವೆಯಾಗಿ ಬಂದ ದಿನದಿಂದ ಆ ಮನೆಯಲ್ಲಿ ಯಾವ ಕೆಲಸಕ್ಕೂ ಅವಳು ಗಂಡಸರನ್ನು ಕರೆದವಳಲ್ಲ. ಕರೆಯಬಹುದೆಂಬ ಯೋಚನೆಯೇ ಅವಳಿಗೆ ಬಂದಿರಲಿಲ್ಲ. ತನ್ನ ಕಥೆಯಿಂದ ಗಂಡನನ್ನೂ ಮೈದುನನನ್ನೂ ಕತ್ತರಿಸಿದಾಗ, ಕತ್ತರಿಸುತ್ತಿದ್ದೇನೆ ಎಂದೂ ಅನ್ನಿಸಿರಲಿಲ್ಲ.

ಟೈಪಿಸ್ಟ್ ಅವಳ ಮುಖ ನೋಡಿ ಮಡಿಸಿದ ಬೆರಳುಗಳನ್ನು ಮೆಲ್ಲಗೆ ಬಿಚ್ಚಿದಳು. "ಕಥೆ ತಾನೇ ಅಕ್ಕಾ?" ಎಂದಳು.

"ಹೂಂ. ಕಥೆ."

ಅವತ್ತು ಅವಳು ಕ್ಲಾಸಿಗೆ ಕೂರದೆ ಮನೆಗೆ ಹೋದಳು. ಹೀಗೆ ಬೇಗ ಎಂದೂ ಬಂದವಳಲ್ಲ. ಮುಂಬಾಗಿಲು ತೆಗೆಯುತ್ತಿದ್ದಂತೆ ಒಳಗಿನಿಂದ ಸಣ್ಣ ಸದ್ದು ಕೇಳಿಸಿತು, ಹೆಗ್ಗಣ ಮರ ಕೆರೆದ ಹಾಗೆ. ಕೋಣೆಯ ಬೀಗ ತೆಗೆದಳು. ಅತ್ತೆ ಬಾಗಿಲ ಹಿಂದೆಯೇ ನೆಲದ ಮೇಲೆ ಕೂತಿದ್ದಳು. ಬಾಗಿಲ ಕೆಳಭಾಗದಲ್ಲಿ ಬಣ್ಣ ಎದ್ದು ಮರ ಕಾಣುತ್ತಿತ್ತು. ಒಂದು ದಿನದ ಕೆರೆತವಲ್ಲ ಅದು. ಉಗುರಿನ ಸಂದಿಯಲ್ಲಿ ಹಸಿರು ಬಣ್ಣದ ಚೂರುಗಳಿದ್ದವು. ದಿನವೂ ಆ ಕೈ ತೊಳೆಯುವಾಗ, ಎಲ್ಲಿ ಏನು ಕೆದಕಿದಳೋ ಎಂದು ಬೈದುಕೊಂಡೇ ಅವನ್ನು ಬಿಡಿಸುತ್ತಿದ್ದವಳು ಇವಳು.

"ಯಾರೂ ತೆಗೀಲೇ ಇಲ್ಲ" ಎಂದಳು ಅತ್ತೆ. ಮೊದಲ ದಿನ ಶಾಲೆಗೆ ಬಿಟ್ಟು ಬಂದ ಮಗು ದೂರು ಹೇಳುವ ದನಿ.

ಸೊಸೆ ಅಲ್ಲೇ ಕೂತಳು. ಮುದುಕಿಗೆ ಗೊತ್ತಿಲ್ಲ ಎಂದು ತಾನು ಬರೆದ ಸಾಲೂ ಸುಳ್ಳು.

ಆಮೇಲೆ ಅವಳು ಬೀಗ ಹಾಕಲಿಲ್ಲ, ಕ್ಲಾಸಿಗೂ ಹೋಗಲಿಲ್ಲ. ಅತ್ತೆಯ ಮಂಚದ ಪಕ್ಕ ಕೂತು ಉಳಿದ ಪಾಠ ಮುಗಿಸಿದಳು. ಪರೀಕ್ಷೆ ಒಂದು ಮಧ್ಯಾಹ್ನದ ಮಾತು. ಗಂಡನ ಮುಂದೆ ಊಟದ ತಟ್ಟೆ ಇಟ್ಟು ಕೇಳಿದಳು. ಜನ್ಮದಲ್ಲಿ ಮೊದಲ ಸಲ.

"ರೀ, ಸೋಮವಾರ ಮಧ್ಯಾಹ್ನ ಅಂಗಡಿಯಿಂದ ಬೇಗ ಬರ್ತೀರಾ? ಅತ್ತೆ ಹತ್ತಿರ ಕೂರ್ಬೇಕು."

"ದಿನಾ ಬೀಗ ಹಾಕ್ಕೊಂಡೇ ಹೋಗ್ತಿದ್ಯಲ್ಲ. ಈಗೇನು ಹೊಸದಾಗಿ?"

"ಅವರಿಗೆ ಗೊತ್ತಾಗುತ್ತೆ. ಬಾಗಿಲು ಕೆರೀತಾರೆ."

"ನೋಡು, ಬೀಗ ಹಾಕಿದ್ದು ನೀನು. ನಾನೇನೂ ಹಾಕು ಅಂದಿರ್ಲಿಲ್ಲ." ಅವನು ನೀರಿನ ಲೋಟಕ್ಕೆ ಕೈ ಚಾಚಿದ. ಅವಳೇ ಅದನ್ನು ಮುಂದಕ್ಕೆ ಸರಿಸಿಕೊಟ್ಟಳು. "ಆಯ್ತು ಬಿಡು, ಬರ್ತೀನಿ. ಒಂದು ಗಂಟೆಗೆ."

"ದಿನಾನೂ ಯಾರಾದ್ರೂ ಹೆಂಗಸನ್ನ ಇಟ್ಕೊಂಡ್ರೆ..."

"ಹೆತ್ತ ತಾಯಿನ ನೋಡ್ಕೊಳ್ಳೋಕೆ ಕೂಲಿಯವಳಾ? ನಾಲ್ಕು ಜನ ಏನಂತಾರೆ?"

ಮೈದುನನಿಗೂ ಫೋನ್ ಮಾಡಿದಳು, ಯಾವುದಕ್ಕೂ ಇರಲಿ ಎಂದು. "ಅಣ್ಣ ಇರ್ತಾನಲ್ಲ ಅತ್ತಿಗೆ, ಇಬ್ಬರು ಯಾಕೆ?" ಎಂದ ಅವನು.

ಸೋಮವಾರ ಅಡುಗೆ ಮುಗಿಸಿ, ಅತ್ತೆಗೆ ಸ್ನಾನ ಮಾಡಿಸಿ, ತಿನ್ನಿಸಿ, ಹಾಲ್ ಟಿಕೆಟನ್ನು ಚೀಲಕ್ಕೆ ಹಾಕಿಕೊಂಡು ಚಪ್ಪಲಿಯ ಪಕ್ಕದಲ್ಲೇ ಕೂತಳು. ಒಂದು ಗಂಟೆಯಾಯಿತು. ಫೋನ್ ಮಾಡಿದರೆ "ಹೊರಟೆ, ದಾರೀಲಿದ್ದೀನಿ" ಎಂದ, ಹಿಂದೆ ಬಣ್ಣ ಕಲಸುವ ಯಂತ್ರ ಗರಗರ ಅನ್ನುತ್ತಿತ್ತು. ಪಕ್ಕದ ಮನೆಯವಳನ್ನು ಕೂರಿಸೋಣವೆಂದರೆ ಅವಳು ಕಾರ್ಖಾನೆಯಿಂದ ಬರುವುದು ಐದಕ್ಕೆ. ಟೈಪಿಸ್ಟ್ ಫೋನ್ ಮಾಡಿ "ಎಲ್ಲಿದ್ದೀರಿ ಅಕ್ಕಾ, ಒಳಗೆ ಬಿಡ್ತಿದ್ದಾರೆ" ಎಂದಳು. ಮತ್ತೊಮ್ಮೆ ಫೋನ್ ಮಾಡಿದಾಗ ಗಂಡ ಎತ್ತಲಿಲ್ಲ.

ಅವಳು ಎದ್ದು ಅತ್ತೆಯ ಕೋಣೆಯ ಮುಂದೆ ನಿಂತಳು. ಬೀಗ ಮೊಳೆಗೆ ನೇತುಬಿದ್ದಿತ್ತು. ಇವತ್ತೊಂದು ದಿನ. ಮೂರು ಗಂಟೆ ಹೊತ್ತಿನ ಮಾತು. ಕೈ ಬೀಗದವರೆಗೂ ಹೋಯಿತು. ಅತ್ತೆ ಮಂಚದ ಮೇಲೆ ಕೂತು ಅವಳ ಕೈಯನ್ನೇ ನೋಡುತ್ತಿದ್ದಳು, ಹೊಡೆಯುವ ಕೈಯನ್ನು ನೋಡುವ ಹಾಗೆ.

ಗಂಡ ಬಂದಾಗ ಪರೀಕ್ಷೆಯ ಬಾಗಿಲು ಮುಚ್ಚಿ ಬಹಳ ಹೊತ್ತಾಗಿತ್ತು. "ಇನ್ನೂ ಇಲ್ಲೇ ಇದೀಯಾ? ದೊಡ್ಡ ಗಿರಾಕಿ ಬಂದ್ಬಿಟ್ಟ, ಬಿಟ್ಟು ಬರೋ ಹಾಗಿರ್ಲಿಲ್ಲ. ಹೋಗು, ನಾನಿದ್ದೀನಲ್ಲ ಈಗ."

"ಈಗ ಬಿಡಲ್ಲ ರೀ."

"ಹಾಗಾದ್ರೆ ಮುಂದಿನ ಸಲ ಬರೀ. ಪರೀಕ್ಷೆ ಏನು ಓಡಿ ಹೋಗುತ್ತಾ?" ಚಪ್ಪಲಿ ಬಿಟ್ಟು ಅವನು ಫ್ಯಾನ್ ಹಾಕಿಕೊಂಡು ಕೂತ. ಮುಂದಿನ ಸಲ ಎಂಬುದು ಇಲ್ಲವೆಂದು ಅವಳು ಹಿಂದೆಯೇ ಹೇಳಿದ್ದಳು. "ಊಟ ಏನಿದೆ?" ಎಂದು ಕೇಳಿದ.

ಬಡಿಸಿ ಬಂದು ಅವಳು ಕೋಣೆಗೆ ಹೋದಳು. ಅತ್ತೆ ಮಂಚದ ಅಂಚಿಗೆ ಸರಿದು ಕಾಲು ಇಳಿಬಿಟ್ಟು ಕೂತಿದ್ದಳು.

"ಯಾರು?"

"ನಾನೇ ಅತ್ತೆ."

"ನೀನು ಬಾಗಿಲು ಹಾಕ್ಕೊಂಡು ಹೋಗ್ತೀಯಾ?"

"ಇಲ್ಲ. ಎಲ್ಲೂ ಹೋಗಲ್ಲ."

ಅತ್ತೆ ನಂಬಲಿಲ್ಲ. ಸೊಸೆಯ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಬಿಡಿಸಿಕೊಳ್ಳಲು ಹೋದರೆ ಹಿಡಿತ ಇನ್ನೂ ಬಿಗಿಯಾಯಿತು. ಅವಳು ಬಿಡಿಸಿಕೊಳ್ಳುವುದನ್ನು ಬಿಟ್ಟು ಮಂಚದ ಮೇಲೆ ಪಕ್ಕದಲ್ಲೇ ಕೂತಳು. ಹೊರಗೆ ಗಂಡ ಇನ್ನಷ್ಟು ನೀರು ಬೇಕೆಂದು ಕೂಗಿದ. ಅವಳು ಏಳಲಿಲ್ಲ.