ಹಳೆಯ ವಿಳಾಸದ ಸಹಿ

ಅಂಬತ್ತೂರಿನ ನಮ್ಮ ಆಫೀಸನ್ನು ಬೇರೆ ಕಂಪನಿ ಕೊಂಡಾಗ ಎಲ್ಲರಿಗೂ ಹೊಸ ಇಮೇಲ್ ವಿಳಾಸ ಬಂತು. ಶಿಸ್ತಿನ ಪ್ರಾಣಿಯಾದ ನಾನು ಅಂದೇ ಕೋಡ್ ಸರ್ವರಿನ ನನ್ನ ಖಾತೆಗೆ ಅದನ್ನು ಸೇರಿಸಿ, ಹಳೆಯ ವಿಳಾಸವನ್ನು ಅಳಿಸಿಹಾಕಿದೆ.

ವಾರದ ಮೇಲೆ, ಬರೆದ ಕೋಡನ್ನು ಸರ್ವರಿಗೆ ಪುಶ್ ಮಾಡುವ ಮೊದಲೇ, ಅದನ್ನು ನನ್ನ ಹೆಸರಲ್ಲಿ ದಾಖಲಿಸುವ ಕಮಿಟ್ ನಿಂತಿತು. ಬರೆದದ್ದು ನಾನೇ ಎಂದು ಡಿಜಿಟಲ್ ಸಹಿ ಹಾಕುವ ಜಿಪಿಜಿ, ಸಹಿ ಹಾಕಲಾಗದು ಎಂದು ಎರರ್ ತೋರಿಸಿತು. ಸಹಿಗೆ ಬಳಸುವ ನನ್ನ ಕೀಯ ಅವಧಿ ಮುಗಿದಿತ್ತು. ಅವಧಿ ವಿಸ್ತರಿಸಿ, ಹೊಸ ಇಮೇಲನ್ನೂ ಕೀಗೆ ಸೇರಿಸಿ, ಸಹಿಯನ್ನು ಪರೀಕ್ಷಿಸಲು ಬೇಕಾದ ಅದರ ಪಬ್ಲಿಕ್ ಪ್ರತಿಯನ್ನು ಸರ್ವರಿಗೆ ಮತ್ತೆ ಏರಿಸಿದೆ. ಆ ದಿನದ ಕಮಿಟ್ಟಿಗೆ ಸಹಿ ಖಚಿತ ಎಂಬ ಹಸಿರು ಗುರುತು ಬಂತು. ಕಮಿಟ್ಟುಗಳ ಪಟ್ಟಿಯಲ್ಲಿ ಕೆಳಗೆ ನೋಡಿದರೆ, ನಾನು ಖಾತೆಯಿಂದ ಅಳಿಸಿದ್ದ ಹಳೆಯ ವಿಳಾಸದಲ್ಲಿ ಸಹಿ ಹಾಕಿದ್ದ ಒಂಬತ್ತು ವರ್ಷದ ಕೆಲಸದ ಮುಂದೆಲ್ಲ ‘ಅನ್‌ವೆರಿಫೈಡ್’, ಬರೆದವರು ಖಚಿತವಿಲ್ಲ ಎಂಬ ಗುರುತು.

“ಹಳೇದನ್ನ ತಿರುಗಿ ಸೇರಿಸಿಬಿಡು ಮಾ, ಖಚಿತಪಡಿಸೋಕೆ ಇಮೇಲಲ್ಲಿ ಲಿಂಕ್ ಬರುತ್ತೆ, ಒತ್ತಿದ್ರೆ ಮುಗೀತು,” ಎಂದಳು ಪಕ್ಕದ ಮೇಜಿನ ಗೆಳತಿ.

ಸೇರಿಸಿದೆ. ಲಿಂಕ್ ಹೋದದ್ದು ಮುಚ್ಚಿಹೋದ ಹಳೆಯ ಇಮೇಲಿಗೆ. ಫೋನ್ ಮಾಡಿ ಕೇಳಿದರೆ ಸಿಸ್ಟಂ ವಿಭಾಗದವನು, “ಹಳೆ ಕಂಪನಿ ಹೆಸರಿನ ಆ ಡೊಮೇನೇ ಈಗ ನಮ್ಮದಲ್ಲ ಮೇಡಂ, ವಿಟ್ಟುಡುಂಗ,” ಎಂದು ಫೋನಿಟ್ಟ. ಬಿಟ್ಟುಬಿಡಬೇಕಂತೆ! ಇವನಪ್ಪನ ಮನೆ ಕೆಲಸವೇ?

ಮರುದಿನ ಹೊಸ ಮ್ಯಾನೇಜರ್ ಆ ಪಟ್ಟಿ ತೆರೆದು, ಇದನ್ನೆಲ್ಲ ಬರೆದವರು ಯಾರು ಎಂದು ಕೇಳಿದರು.

ನಾನೇ ಎಂದೆ.

ಅವರು ನನ್ನನ್ನೊಮ್ಮೆ ನೋಡಿದರು. ಆಮೇಲೆ ಖಚಿತಪಡಿಸಿಕೊಳ್ಳಲು ಪರದೆಯನ್ನು ನೋಡಿದರು.