ಹುಳುಮನೆಯ ಗೋಡೆಗೆ ಕಿವಿ

ವಯಸ್ಸು ಐವತ್ತರ ಹತ್ತಿರ ಬಂದಾಗ ಸರ್ಕಾರಿ ರೇಷ್ಮೆ ಫಾರಂ ಕೆಲಸ ಬಿಟ್ಟು, ಕೊಳ್ಳೇಗಾಲದಲ್ಲಿ ಹುಳು ಸಾಕುವವರಿಗೆ ಫೀಸು ತೆಗೆದುಕೊಂಡು ಸಲಹೆ ಹೇಳಲು ಶುರುಮಾಡಿದೆ. ಬಿಟ್ಟಿ ಕೇಳಿ ಅಭ್ಯಾಸವಾಗಿದ್ದ ಜನ ನಕ್ಕರು. ನಗಲಿ ಎಂದುಕೊಂಡೆ. ಬಾಯಿ ತೆರೆಯುವ ಮೊದಲೇ ಫೀಸು ಇಸಿದುಕೊಳ್ಳುತ್ತಿದ್ದೆ, ಕೆಟ್ಟ ಸುದ್ದಿ ಕೇಳಿದ ಮೇಲೆ ಯಾರೂ ಕೊಡುವುದಿಲ್ಲ. ಹುಳುಮನೆಯೊಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ಒಂದು ಮನೆಯ ರೋಗ ಇನ್ನೊಂದು ಮನೆಗೆ ನನ್ನ ಕಾಲಲ್ಲೇ ಹೋಗುತ್ತದೆ. ಹೊರಗೆ ಕೂತು ಗೋಡೆಗೆ ಕಿವಿಗೊಟ್ಟರೆ ಅರ್ಧ ವಿಷಯ ತಿಳಿಯುತ್ತಿತ್ತು. ಬಲಿತ ಹುಳು ಸೊಪ್ಪು ಮೇಯುವ ಸದ್ದು ಥೇಟ್ ಮಳೆಯದು.

ಬಂಡಳ್ಳಿಯ ರೈತನೊಬ್ಬ ಫೀಸು ಕೊಟ್ಟು ಕರೆದೊಯ್ದ. ಮುಚ್ಚಿದ ಹುಳುಮನೆಗೆ ಕಿವಿಗೊಟ್ಟೆ. ಸದ್ದೇ ಇಲ್ಲ.

"ಒಳಗೆ ಹುಳುವೇ ಇಲ್ಲವಲ್ಲಪ್ಪ" ಎಂದೆ.

ಅವನು ತಲೆ ತಗ್ಗಿಸಿದ. "ನೆನ್ನೆ ಎಲ್ಲಾ ಸತ್ತೋದೊ ಸಾ, ಊತ್ಬುಟ್ಟೊ. ನಿಮ್ಗೆ ಗೊತ್ತಾಯ್ತದಾ ನೋಡವಾ ಅಂತ ಏಳ್ನಿಲ್ಲ."

ಕೇಳಿದರೆ, ನೆಂಟರ ಮನೆಯಿಂದ ತಂದ ಹುಳು ಸಾಕುವ ಬಿದಿರು ತಟ್ಟೆಗಳನ್ನು ತೊಳೆಯದೆ ಬಳಸಿದ್ದ. ತಟ್ಟೆ ತೊಳೆದು ಬಿಸಿಲಿಗಿಡು, ಬಾಗಿಲು ಮುಚ್ಚಿ ಗಂಧಕದ ಹೊಗೆ ಹಾಕು, ಈ ಸಲ ಮನೆ ಖಾಲಿ ಬಿಡು ಎಂದು ಹೇಳಿ ಎದ್ದೆ.

ಹುಳು ಸಾಕಿದ್ದ ಅವನ ತಾಯಿ ಗೋಡೆಗೆ ಕೆನ್ನೆಯಾನಿಸಿ ಕೂತಿದ್ದರು. "ಮೇಯ್ತಾವೆ ಕಣಪ್ಪ. ಇನ್ನೊಂದ್ಸಲ ಕೇಳು."

ಅವರ ಸಮಾಧಾನಕ್ಕೆಂದು ಮತ್ತೆ ಕಿವಿಗೊಟ್ಟೆ. ಸಣ್ಣಗೆ ಮಳೆ ಹಿಡಿದ ಹಾಗೆ ಕೇಳಿಸಿತು. ತಲೆಯೆತ್ತಿದರೆ ಅಂಗಳದ ತುಂಬ ಬಿಸಿಲು.

"ಏನೂ ಇಲ್ಲಮ್ಮ" ಎಂದೆ. ಅವರು ಗೋಡೆ ಬಿಟ್ಟು ನನ್ನನ್ನೇ ನೋಡಿದರು. ಫೀಸು ಆಗಲೇ ಜೇಬಿನಲ್ಲಿತ್ತು.